ಗಿಲಕಿಯ ಮೇಲಿನ ಅರಗು

ಚನ್ನಪಟ್ಟಣದ ಆಟಿಕೆಯನ್ನು ಫೋನಿನಲ್ಲಿ ನೋಡಿ ತರಿಸಿಕೊಳ್ಳುವವರಿಗೆ ಚಿತ್ರದ ಕೆಳಗಿನ ನಾಲ್ಕು ಸಾಲುಗಳು ಬಾಯಿಪಾಠವಾಗಿರುತ್ತವೆ. ಆಲೆ ಮರದಿಂದ ಮಾಡಿದ್ದು. ನೈಸರ್ಗಿಕ ಅರಗಿನ ಹೊಳಪು. ಗಿಡಮೂಲದ ಬಣ್ಣ, ಮಗುವಿಗೆ ಸುರಕ್ಷಿತ. ಒಣ ಬಟ್ಟೆಯಿಂದ ಒರೆಸಿ, ನೀರಿನಲ್ಲಿ ನೆನೆಸಬೇಡಿ. ಎಲ್ಲ ಅಂಗಡಿಯವರೂ ಇದನ್ನೇ ಬರೆಯುವುದರಿಂದ ಯಾರೂ ಓದುವುದಿಲ್ಲ. ಆದರೆ ಈ ನಾಲ್ಕೂ ಸಾಲುಗಳ ಹಿಂದೆ ಇರುವುದು ಅರಗು ಎಂಬ ಒಂದೇ ವಸ್ತು. ಅದು ಯಾವುದಕ್ಕೆ ಬಗ್ಗುತ್ತದೆ, ಯಾವುದಕ್ಕೆ ಕೆಡುತ್ತದೆ ಎಂದು ಗೊತ್ತಾದರೆ ಯಾವ ಸಾಲು ನಿಜ, ಯಾವುದು ಬರೀ ಅಲಂಕಾರ ಎಂದು ಕೊಳ್ಳುವವರೇ ಹೇಳಬಹುದು.

ಉದಾಹರಣೆಗೆ ಒಂದು ಗಿಲಕಿಯನ್ನೇ ತೆಗೆದುಕೊಳ್ಳೋಣ: ಹಳದಿ ಹಿಡಿ, ಎರಡು ತುದಿಗೆ ಕೆಂಪು ಗುಂಡು, ನಡುವೆ ಸಡಿಲವಾಗಿ ಆಡುವ ಎರಡು ಬಳೆ. ಕಂದಮ್ಮನ ಕೈಗೆ ಕೊಟ್ಟರೆ ಮರುಕ್ಷಣವೇ ಬಾಯಿಗೆ ಹೋಗುವ ಸಾಮಾನು. ಆದ್ದರಿಂದ ಬೇರೆ ಯಾವ ಗೊಂಬೆಗಿಂತಲೂ ಮೊದಲು ಇದನ್ನು ಪರೀಕ್ಷಿಸುವುದು ನ್ಯಾಯ.

ಮೊದಲು ಮರ. ಆಲೆ ಅಥವಾ ಹಾಲೆ ಎಂದು ಕರೆಯುವ ಈ ಮರ ಬೆಳ್ಳಗೆ, ಎಳೆ ಕಾಣದಷ್ಟು ನುಣುಪಾಗಿ, ಉಳಿಗೆ ಮೆತ್ತಗೆ ಸಿಗುತ್ತದೆ. ಆಂಧ್ರದ ವರಾಹ ನದಿಯ ದಡದಲ್ಲಿರುವ ಏಟಿಕೊಪ್ಪಾಕದ ಗೊಂಬೆಯವರು ಅಂಕುಡು ಎಂದು ಕರೆದು ಬಳಸುವುದೂ ಇದೇ ಮರವನ್ನು. ಬೆಳ್ಳಗಿರುವುದೇ ಇದರ ದೊಡ್ಡ ಗುಣ, ಏಕೆಂದರೆ ಅರಗು ಪಾರದರ್ಶಕ; ಕೆಳಗಿನ ಮರ ಕಪ್ಪಾಗಿದ್ದರೆ ಮೇಲಿನ ಹಳದಿ ಮಂಕಾಗುತ್ತದೆ. ಇತ್ತೀಚೆಗೆ ರಬ್ಬರ್ ಮರವೂ ಬಳಕೆಗೆ ಬಂದಿದೆ. ಅದು ತಪ್ಪಲ್ಲ, ಆದರೆ ಮಾರುವವರು ಅದನ್ನು ಆಲೆ ಎನ್ನಬಾರದು ಅಷ್ಟೆ.

ಕಡಿದ ಕೊಂಬೆಯ ತೊಗಟೆ ತೆಗೆದು ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸುತ್ತಾರೆ. ಆತುರ ಮಾಡಿದವರ ಮಾಲು ಕೊಂಡವರ ಮನೆಯಲ್ಲಿ ಒಣಗುತ್ತದೆ: ಮರ ಕುಗ್ಗುತ್ತದೆ, ಮೇಲಿನ ಅರಗು ಕುಗ್ಗಲಾರದೆ ಕೂದಲೆಳೆಯಂತೆ ಬಿರಿಯುತ್ತದೆ, ತೂತಿಗೆ ಬಿಗಿದು ಕೂರಿಸಿದ ಗುಂಡು ಸಡಿಲಾಗಿ ಕಳಚುತ್ತದೆ. ಬಣ್ಣದ ಬಗ್ಗೆ ಚಿಂತಿಸುವ ಅಪ್ಪ ಅಮ್ಮಂದಿರು ಇದನ್ನು ನೋಡುವುದೇ ಕಡಿಮೆ. ಕಳಚಿದ ಗುಂಡು ಗಂಟಲಿಗೆ ಸಿಕ್ಕುವುದು ಬಣ್ಣಕ್ಕಿಂತ ಹತ್ತಿರದ ಅಪಾಯ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಬಿಡಿಭಾಗವನ್ನು ಪ್ರಯೋಗಾಲಯದಲ್ಲಿ 31.7 ಮಿಲಿಮೀಟರ್ ವ್ಯಾಸದ ಒಂದು ಕೊಳವೆಗೆ ಹಾಕಿ ನೋಡುತ್ತಾರೆ. ಪೂರ್ತಿ ಒಳಗೆ ಇಳಿದರೆ ಅದು ಅನುತ್ತೀರ್ಣ. ಗಿಲಕಿ ಮನೆಗೆ ಬಂದ ದಿನವೇ ಎರಡೂ ಗುಂಡುಗಳನ್ನು ತಿರುಚಿ, ಜೋರಾಗಿ ಎಳೆದು ನೋಡುವುದು ಒಳ್ಳೆಯದು. ತಿಂಗಳ ನಂತರ ಮತ್ತೊಮ್ಮೆ ನೋಡಬೇಕು.

ಈಗ ಅರಗು. ಮುತ್ತುಗ, ಬೋರೆ ಮುಂತಾದ ಮರಗಳ ಕೊಂಬೆಗಳ ಮೇಲೆ ಸಣ್ಣ ಕೀಟಗಳು ರಸ ಹೀರಿ ಸ್ರವಿಸುವ ಅಂಟೇ ಅರಗು. ಜಾರ್ಖಂಡ್, ಛತ್ತೀಸ್‌ಗಢದ ಕಾಡುಗಳಿಂದ ಅದು ಹೆಚ್ಚಾಗಿ ಬರುತ್ತದೆ. ಶುದ್ಧ ಮಾಡಿದ ಅರಗನ್ನು ಕೆಂಡದ ಮೇಲೆ ಮೆತ್ತಗೆ ಮಾಡಿ, ಬಣ್ಣದ ಪುಡಿ ಸೇರಿಸಿ, ಬೆಲ್ಲದ ಪಾಕ ಎಳೆಯುವಂತೆ ಎಳೆದು ಮಡಚಿ ಮತ್ತೆ ಎಳೆಯುತ್ತಾರೆ. ಬಣ್ಣ ಒಂದೇ ಸಮನಾದ ಮೇಲೆ ಉರುಟು ಕಡ್ಡಿ ಮಾಡಿ ಆರಿಸುತ್ತಾರೆ. ಈ ಕಡ್ಡಿಯೇ ಚನ್ನಪಟ್ಟಣದ ಕುಂಚ.

ಲೇತಿನ ಬಾಯಿಗೆ ಮರದ ತುಂಡನ್ನು ಬಡಿದು ಕೂರಿಸಿ ತಿರುಗಿಸುತ್ತಾರೆ. ಮೊದಲು ದಪ್ಪ ಉಳಿ, ಆಮೇಲೆ ಸಣ್ಣ ಉಳಿ, ಕೊನೆಗೆ ಉಜ್ಜುಕಾಗದ. ಹಿಡಿಯ ಆಕಾರ ಬಂದ ಮೇಲೆ ತಿರುಗುತ್ತಿರುವ ಮರಕ್ಕೆ ಹಳದಿ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರದ ಮೇಲೆ ಉಂಗುರವಾಗಿ ಹರಡಿಕೊಳ್ಳುತ್ತದೆ. ಹೊರಗಿನ ಬೆಂಕಿ ಬೇಕಿಲ್ಲ, ಬ್ರಷ್ ಬೇಕಿಲ್ಲ, ಒಣಗಲು ಬಿಡಬೇಕಿಲ್ಲ. ಕೈ ಹಗುರವಾದರೆ ಅರಗು ಕರಗದೆ ಪುಡಿಯಾಗಿ ಉದುರುತ್ತದೆ. ಬಲವಾದರೆ ಸುಟ್ಟು ಕಪ್ಪು ಗೆರೆ ಬೀಳುತ್ತದೆ. ನಂತರ ಒಣಗಿದ ತಾಳೆಗರಿಯ ತುಂಡನ್ನು ಮಡಚಿ ಒತ್ತಿ ಆಚೀಚೆ ಜಾರಿಸುತ್ತಾರೆ. ಗರಿಯ ಕೆಳಗೆ ಅರಗು ಇನ್ನೊಮ್ಮೆ ಮೆತ್ತಗಾಗಿ ಸಪಾಟಾಗುತ್ತದೆ, ಹೊಳಪು ಬರುವುದು ಆಗಲೇ. ಕೊನೆಗೆ ಚೂಪು ಉಳಿಯಿಂದ ಲೇತಿನಿಂದ ಕತ್ತರಿಸಿ ತೆಗೆಯುತ್ತಾರೆ.

ಈ ವಿಧಾನದಿಂದ ಕೊಳ್ಳುವವರಿಗೆ ಒಂದು ಒಳ್ಳೆಯ ಅಳತೆಗೋಲು ಸಿಗುತ್ತದೆ. ಅರಗು ಹತ್ತುವುದು ತಿರುಗುವ ಮೈಗೆ ಮಾತ್ರ. ಗಿಲಕಿ, ಬುಗುರಿ, ಬಳೆ, ಗುಂಡು ತಲೆಯ ಗೊಂಬೆ, ಚೆಸ್ ಕಾಯಿ, ಇವೆಲ್ಲ ಸರಿ. ಚಪ್ಪಟೆ ಹಲಗೆಯಿಂದ ಕೊಯ್ದ ಆನೆ, ಅಕ್ಷರದ ಒಗಟು, ಚೌಕದ ಇಟ್ಟಿಗೆ, ಇವುಗಳ ಮೇಲೆ ಲೇತಿನ ಅರಗು ಬರುವುದು ಹೇಗೆ? ಅಲ್ಲಿರುವುದು ಬಳಿದ ಅಥವಾ ಅದ್ದಿದ ಬಣ್ಣ. ಅದು ಕೆಟ್ಟದ್ದೇ ಆಗಿರಬೇಕೆಂದಿಲ್ಲ, ನೀರಿನ ಬುಡದ ಒಳ್ಳೆಯ ಬಣ್ಣಗಳೂ ಇವೆ. ಆದರೆ ಅದರ ಕೆಳಗೂ ‘ಅರಗಿನ ಹೊಳಪು’ ಎಂದು ಬರೆದಿದ್ದರೆ ಮಾರುವವರನ್ನು ಪ್ರಶ್ನೆ ಕೇಳಬೇಕು. ನಮ್ಮ ಗಿಲಕಿಯಲ್ಲಾದರೆ ಹಳದಿ ಕೆಂಪಿಗೆ ಸೇರುವ ಗೆರೆ ದಾರ ಸುತ್ತಿದಷ್ಟು ನೇರವಾಗಿರುತ್ತದೆ, ಮಚ್ಚೆಯಾಗಲಿ ಸೋರಿದ ಹನಿಯಾಗಲಿ ಇರದು. ಇಲ್ಲೊಂದು ಮಾತು: ಗೊಂಬೆಯ ಕಣ್ಣು, ಹುಬ್ಬು, ಬಾಯಿಗಳನ್ನು ಲೇತ್ ಬರೆಯಲಾರದು, ಅವು ಕೈಯಿಂದ ಚುಕ್ಕೆಯಿಟ್ಟ ಬಣ್ಣ. ಇಡೀ ಮೈಯ ಅರಗು ಗಿಡಮೂಲದ್ದೇ ಆಗಿದ್ದರೂ ಆ ಎರಡು ಕಪ್ಪು ಚುಕ್ಕೆ ಸಾಮಾನ್ಯ ಎನಾಮೆಲ್ ಆಗಿರಬಹುದು. ಚಿಕ್ಕ ಮಕ್ಕಳಿಗಾದರೆ ನಾನು ಕಣ್ಣಿಲ್ಲದ ಆಟಿಕೆಯನ್ನೇ ಆರಿಸುತ್ತೇನೆ.

ಬಣ್ಣದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಗೊಂದಲ ಹೆಚ್ಚಿರುವುದು ಇಲ್ಲೇ. ಅರಗಿನ ಬಗ್ಗೆ ಅಷ್ಟು ಭಯ ಬೇಡ. ಶುದ್ಧ ಮಾಡಿದ ಅರಗನ್ನು ಮಾತ್ರೆಗಳಿಗೂ ಮಿಠಾಯಿಗೂ ಹೊಳಪಿನ ಲೇಪವಾಗಿ ಬಳಸುತ್ತಾರೆ. ಪ್ರಶ್ನೆ ಇರುವುದು ಅದಕ್ಕೆ ಬೆರೆಸುವ ಪುಡಿಯಲ್ಲಿ. ಗಾಢ ಹಳದಿ, ಕಿತ್ತಳೆ ಬಣ್ಣಗಳಿಗೆ ಅಗ್ಗವಾಗಿ ಸಿಗುವ ಪುಡಿಗಳಲ್ಲಿ ಸೀಸದ ಕ್ರೋಮೇಟ್ ಒಂದು. ಅದೇ ಪುಡಿಯನ್ನು ಅರಿಶಿನಕ್ಕೆ ಕಲಬೆರಕೆ ಮಾಡುವುದೂ ಉಂಟು. ಆದ್ದರಿಂದ ‘ಅರಿಶಿನದ ಹಳದಿ’ ಎಂಬ ಮಾತಿನಿಂದಲೇ ನಿಶ್ಚಿಂತೆ ಇಲ್ಲ, ಆ ಅರಿಶಿನ ಎಲ್ಲಿಯದು ಎಂಬುದೂ ಮುಖ್ಯ. ಗಿಡಮೂಲದ ಬಣ್ಣಗಳಲ್ಲಿ ಹಳದಿಗೆ ಅರಿಶಿನ, ನೀಲಿಗೆ ನೀಲಿಗಿಡ, ಕಂದಿಗೆ ಕಾಚು, ಕಿತ್ತಳೆ-ಕೆಂಪಿಗೆ ಜಾಫ್ರಾ ಬೀಜ ಹೀಗೆ ಒಂದು ಸಣ್ಣ ಬಳಗವಿದೆ. ಏಟಿಕೊಪ್ಪಾಕದಲ್ಲಿ ಇಂಥ ಬಣ್ಣಗಳನ್ನು ಮತ್ತೆ ಬಳಕೆಗೆ ತರಲು ದುಡಿದ ಸಿ.ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಈ ಬಳಗಕ್ಕೊಂದು ಮಿತಿ ಇದೆ, ಅದೇ ನಮಗೆ ಸುಳಿವು. ಅರಗು ತಾನೇ ಜೇನಿನ ಬಣ್ಣದ್ದು. ಅದರೊಳಗೆ ಸೇರಿದ ನೀಲಿ ಹಸಿರಿನತ್ತ ವಾಲುತ್ತದೆ, ಕೆಂಪು ಇಟ್ಟಿಗೆಯ ಬಣ್ಣದತ್ತ ವಾಲುತ್ತದೆ. ಕಣ್ಣು ಕೋರೈಸುವ ಗುಲಾಬಿ, ಮಿಂಚುವ ಗಿಣಿಹಸಿರು, ಹಾಲಿನಂಥ ಆಕಾಶನೀಲಿ ಗಿಡಮೂಲದಿಂದ ಈ ರೀತಿಯಲ್ಲಿ ಬರುವುದು ಕಷ್ಟ. ಹಾಲುಬಣ್ಣ ಬೇಕಾದರೆ ಬಿಳಿ ಖನಿಜದ ಪುಡಿ ಸೇರಲೇಬೇಕು. ಟೈಟೇನಿಯಂ ಡೈಆಕ್ಸೈಡ್ ಅಂಥದ್ದು. ಅದು ಸೀಸದಂಥ ವಿಷವಲ್ಲ, ಆದರೆ ‘ಪೂರ್ತಿ ಗಿಡದ್ದು’ ಎಂಬ ಹೇಳಿಕೆ ಮಾತ್ರ ಸುಳ್ಳಾಗುತ್ತದೆ. ನಮ್ಮ ಗಿಲಕಿಯ ಹಳದಿ ಸ್ವಲ್ಪ ಮಬ್ಬಾಗಿ, ಕೆಂಪು ಸ್ವಲ್ಪ ಮಣ್ಣುಮಣ್ಣಾಗಿ ಕಂಡರೆ ಬೇಸರಪಡಬೇಡಿ, ಅದು ಒಳ್ಳೆಯ ಲಕ್ಷಣ.

ಕಣ್ಣಿನ ಅಂದಾಜಿಗಿಂತ ಗಟ್ಟಿಯಾದದ್ದು ಪರೀಕ್ಷೆಯ ವರದಿ. ಭಾರತದಲ್ಲಿ ಆಟಿಕೆಗೆ ಐಎಸ್ 9873 ಎಂಬ ಮಾನದಂಡವಿದೆ. ಅದರ ಮೂರನೆಯ ಭಾಗ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಪಾದರಸ ಸೇರಿ ಎಂಟು ಧಾತುಗಳು ಹೊಟ್ಟೆಯ ಆಮ್ಲದಂಥ ದ್ರವಕ್ಕೆ ಎಷ್ಟು ಇಳಿಯುತ್ತವೆ ಎಂದು ಅಳೆಯುತ್ತದೆ. ಸೀಸಕ್ಕೆ ಮಿತಿ ಕಿಲೋಗ್ರಾಮಿಗೆ 90 ಮಿಲಿಗ್ರಾಂ. 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಆದರೆ ಕೇಂದ್ರದ ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ತಯಾರಿಸಿ ಮಾರುವ ಆಟಿಕೆಗಳಿಗೆ, ಭೌಗೋಳಿಕ ಗುರುತು ಪಡೆದ ಸಾಮಾನಿನ ಅಧಿಕೃತ ಬಳಕೆದಾರರಿಗೆ ಈ ಕಡ್ಡಾಯದಿಂದ ವಿನಾಯಿತಿ ಇದೆ. ಚನ್ನಪಟ್ಟಣದ ಆಟಿಕೆಗೆ ಆ ಗುರುತು ಬಹಳ ಹಿಂದೆಯೇ ಸಿಕ್ಕಿದೆ. ಸಣ್ಣ ಕಾರ್ಖಾನೆಗಳ ಪಾಲಿಗೆ ಈ ವಿನಾಯಿತಿ ನ್ಯಾಯವಾದದ್ದೇ. ಪರಿಣಾಮ ಮಾತ್ರ ಹೀಗೆ: ಗಿಲಕಿಯ ಮೇಲೆ ಐಎಸ್‌ಐ ಗುರುತು ಇಲ್ಲದಿರುವುದು ಅನುಮಾನಕ್ಕೆ ಕಾರಣವಲ್ಲ, ಭೌಗೋಳಿಕ ಗುರುತು ಇರುವುದು ಬಣ್ಣದ ಪರೀಕ್ಷೆಯೂ ಅಲ್ಲ. ಆ ಗುರುತು ಹೇಳುವುದು ಸಾಮಾನು ಎಲ್ಲಿಯದು ಎಂಬುದನ್ನು. ಬಣ್ಣದ ಮಾತಿಗೆ ಕೇಳಬೇಕಾದದ್ದು ಬಣ್ಣದ ಪುಡಿಯ ಇಲ್ಲವೇ ಮುಗಿದ ಆಟಿಕೆಯ ಪರೀಕ್ಷಾ ವರದಿ. ಹೊರದೇಶಕ್ಕೆ ಕಳುಹಿಸುವ ತಯಾರಕರ ಬಳಿ ಯುರೋಪಿನ ಇಎನ್ 71-3 ಪ್ರಕಾರದ್ದು ಇರುವ ಸಾಧ್ಯತೆ ಹೆಚ್ಚು.

ಇನ್ನು ಜೋಪಾನ. ಅರಗು ಸುಮಾರು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ಮದ್ಯಸಾರದಲ್ಲಿ ಕರಗುತ್ತದೆ, ಸಾಬೂನು ಸೋಡದಂಥ ಕ್ಷಾರಕ್ಕೆ ಬಿಡುತ್ತದೆ, ಹೆಚ್ಚು ಹೊತ್ತು ತೇವ ತಾಗಿದರೆ ಬೂದುಬಿಳುಪಾಗುತ್ತದೆ. ಇಷ್ಟು ಗೊತ್ತಿದ್ದರೆ ನಿಯಮಗಳನ್ನು ನೆನಪಿಡುವ ಕೆಲಸವೇ ಇಲ್ಲ. ಹಾಲಿನ ಬಾಟಲಿಯಂತೆ ಗಿಲಕಿಯನ್ನು ಕುದಿಸಬಾರದು, ಸ್ಟೆರಿಲೈಜರಿನಲ್ಲಿಡಬಾರದು. ಬಿಸಿಲಿಗೆ ನಿಂತ ಕಾರಿನ ಗಾಜಿನ ಬಳಿ ಬಿಡಬಾರದು, ಅಲ್ಲಿ ಅರಗಿನ ಜೊತೆ ಅರಿಶಿನದ ಹಳದಿಯೂ ಕೆಡುತ್ತದೆ. ಬೆಳಕಿಗೆ ಅರಿಶಿನ ಬಹಳ ಬೇಗ ಸೋಲುತ್ತದೆ. ಕೊರೊನಾ ಕಾಲದಲ್ಲಿ ಅನೇಕರು ಆಟಿಕೆಗಳಿಗೂ ಸ್ಯಾನಿಟೈಜರ್ ಹಚ್ಚಿದರು. ಅದರಲ್ಲಿರುವ ಮದ್ಯಸಾರ ಅರಗನ್ನು ಅಂಟು ಮಾಡಿ ಬಣ್ಣವನ್ನು ಬಟ್ಟೆಗೆ ಎಳೆದುಕೊಳ್ಳುತ್ತದೆ. ಜೊಲ್ಲು ತಾಗಿದರೆ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣ ಬಟ್ಟೆಯಲ್ಲಿ ತೀಡಿ, ನೆರಳಲ್ಲಿ ಇಟ್ಟರೆ ಸಾಕು.

ಈ ದೌರ್ಬಲ್ಯವೇ ಒಂದು ಪರೀಕ್ಷೆಗೂ ಒದಗುತ್ತದೆ. ಹಿಡಿಯ ತುದಿಯಲ್ಲಿ ಕಾಣದ ಜಾಗಕ್ಕೆ ಸ್ಯಾನಿಟೈಜರ್ ಹನಿಸಿದ ಹತ್ತಿಯನ್ನು ಅರ್ಧ ನಿಮಿಷ ಒತ್ತಿ ನೋಡಿ. ಮೈ ಅಂಟಂಟಾಗಿ ಹತ್ತಿಗೆ ಬಣ್ಣ ಹತ್ತಿದರೆ ಅದು ಅರಗು ಎನ್ನಲು ಬಲವಾದ ಸುಳಿವು. ಏನೂ ಆಗದಿದ್ದರೆ ಮೇಲಿರುವುದು ಕೃತಕ ವಾರ್ನಿಷ್ ಅಥವಾ ಎನಾಮೆಲ್ ಇರಬೇಕು. ಆಮೇಲೆ ಆ ಜಾಗವನ್ನು ಒರೆಸಿ, ಪೂರ್ತಿ ಗಟ್ಟಿಯಾದ ನಂತರವೇ ಮಗುವಿಗೆ ಕೊಡಿ. ಈ ಪರೀಕ್ಷೆ ಹೇಳುವುದು ಹೊಳಪಿನ ಬಗ್ಗೆ ಮಾತ್ರ. ಸೀಸ ಇದೆಯೇ ಇಲ್ಲವೇ ಎಂಬುದನ್ನು ಮನೆಯ ಹತ್ತಿ ಹೇಳಲಾರದು.

ವರ್ಷಗಳ ನಂತರ ಹಿಡಿ ಮಂಕಾದರೆ ಬಿಸಾಡಬೇಕಿಲ್ಲ. ಗುಂಡುಗಳನ್ನು ಗೋಂದು ಹಾಕದೆ ಬಿಗಿದಿದ್ದರೆ ಅವನ್ನು ಕಳಚಿ, ಹಿಡಿಯನ್ನು ಮತ್ತೆ ಲೇತಿಗೆ ಕೂರಿಸಿ, ಹಳೆಯ ಅರಗನ್ನು ಉಜ್ಜಿ ತೆಗೆದು ಹೊಸ ಕಡ್ಡಿ ಹಿಡಿಯಬಹುದು. ಗೋಂದು ಹಾಕಿದ್ದರೆ ಕಷ್ಟ. ಕೊಳ್ಳುವಾಗ ಅದನ್ನೂ ಕೇಳಿಟ್ಟುಕೊಳ್ಳಿ, ಯಾವ ಅಂಗಡಿಯ ನಾಲ್ಕು ಸಾಲಿನಲ್ಲೂ ಅದು ಇರುವುದಿಲ್ಲ.