ಕೆ.ಜಿ. ದರದಲ್ಲಿ ಅಡಗಿರುವ ನಷ್ಟ: ಗೇಟು ಮತ್ತು ಕಿಟಕಿ ಗ್ರಿಲ್ಲುಗಳ ವೆಚ್ಚ ನಿರ್ಣಯ

ಫ್ಯಾಬ್ರಿಕೇಶನ್ ಕಾರ್ಯಾಗಾರ ನಡೆಸುವ ಕಕ್ಷಿದಾರರೊಬ್ಬರು ವರ್ಷದ ಲೆಕ್ಕಪತ್ರಗಳೊಂದಿಗೆ ನಮ್ಮ ಕಚೇರಿಗೆ ಬಂದಿದ್ದರು. ವರ್ಷವಿಡೀ ಕೆಲಸಕ್ಕೆ ಬಿಡುವಿರಲಿಲ್ಲ. ವಹಿವಾಟು ಹಿಂದಿನ ವರ್ಷಕ್ಕಿಂತ ಹೆಚ್ಚಾಗಿತ್ತು. ಆದರೆ ಕೈಯಲ್ಲಿ ಉಳಿದದ್ದು ಬಹು ಸ್ವಲ್ಪ. ಕಬ್ಬಿಣದ ದರ ಏರಿದ್ದೇ ಇದಕ್ಕೆ ಕಾರಣವೆಂದು ಅವರು ತಿಳಿದಿದ್ದರು. ಬಿಲ್ಲುಗಳನ್ನು ಕೆಲಸದ ಬಗೆಗೆ ಅನುಗುಣವಾಗಿ ವಿಂಗಡಿಸಿ ನೋಡಿದಾಗ ಕಂಡ ಕಾರಣವೇ ಬೇರೆ. ಅವರು ಗೇಟಿಗೂ ಗ್ರಿಲ್ಲಿಗೂ ಒಂದೇ ಕೆ.ಜಿ. ದರ ನಮೂದಿಸುತ್ತಿದ್ದರು. ಆ ವರ್ಷ ಗೇಟುಗಳ ಕೆಲಸ ಕಡಿಮೆಯಾಗಿ, ಗ್ರಿಲ್ಲುಗಳ ಕೆಲಸ ಹೆಚ್ಚಾಗಿತ್ತು.

ತೂಕದ ಮೇಲೆ ದರ ಹೇಳುವುದು ಈ ವ್ಯಾಪಾರದ ರೂಢಿ. ಲೋಹದ ವೆಚ್ಚ ನಿಜಕ್ಕೂ ತೂಕವನ್ನೇ ಅನುಸರಿಸುತ್ತದೆ. ಆದರೆ ಬೆಸುಗೆಯ ಕೂಲಿ ಜೋಡಣೆಗಳ ಸಂಖ್ಯೆಯನ್ನೂ, ಬಣ್ಣದ ವೆಚ್ಚ ಮೇಲ್ಮೈ ವಿಸ್ತೀರ್ಣವನ್ನೂ ಅನುಸರಿಸುತ್ತವೆ. ಮೂರಕ್ಕೂ ತೂಕವೊಂದನ್ನೇ ಅಳತೆಗೋಲನ್ನಾಗಿಸಿದರೆ ಆಗುವ ಪರಿಣಾಮವನ್ನು ಎರಡು ಉದಾಹರಣೆಗಳ ಮೂಲಕ ಪರಿಶೀಲಿಸೋಣ. ಇಲ್ಲಿ ಬಳಸಿರುವ ದರಗಳು ಲೆಕ್ಕದ ಅನುಕೂಲಕ್ಕಾಗಿ ಹಿಡಿದವು; ಓದುಗರು ತಮ್ಮ ಊರಿನ ದರಗಳನ್ನು ಹಾಕಿಕೊಳ್ಳಬೇಕು.

ಲೋಹದ ತೂಕ

ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7850 ಕೆ.ಜಿ. ಇದರಿಂದ ಎಲ್ಲ ತೂಕಗಳನ್ನೂ ಲೆಕ್ಕ ಹಾಕಬಹುದು. ಪಟ್ಟಿಯ ಅಗಲ ಮತ್ತು ದಪ್ಪವನ್ನು ಮಿಲಿಮೀಟರಿನಲ್ಲಿ ಗುಣಿಸಿ, ಬಂದದ್ದನ್ನು 0.00785 ರಿಂದ ಗುಣಿಸಿದರೆ ಒಂದು ಮೀಟರಿನ ತೂಕ ದೊರೆಯುತ್ತದೆ. 25×5 ಮಿ.ಮೀ. ಪಟ್ಟಿ ಮೀಟರಿಗೆ 0.98 ಕೆ.ಜಿ.; 10 ಮಿ.ಮೀ. ಚೌಕ ಸರಳು 0.785 ಕೆ.ಜಿ.; 12 ಮಿ.ಮೀ. ಚೌಕ ಸರಳು 1.13 ಕೆ.ಜಿ. ತೂಗುತ್ತವೆ. ತಗಡಿನ ಪ್ರತಿ ಮಿಲಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ 7.85 ಕೆ.ಜಿ. ಚೌಕ ಪೈಪಿಗಾದರೆ ಬದಿಯ ಅಳತೆಯಿಂದ ದಪ್ಪವನ್ನು ಕಳೆದು, 4 ರಿಂದಲೂ ದಪ್ಪದಿಂದಲೂ 0.00785 ರಿಂದಲೂ ಗುಣಿಸಬೇಕು. ಹೀಗೆ 40×40×3 ಮಿ.ಮೀ. ಪೈಪು ಮೀಟರಿಗೆ 3.48 ಕೆ.ಜಿ. ಬರುತ್ತದೆ. ಪೈಪಿನ ಮೂಲೆಗಳು ದುಂಡಾಗಿರುವುದರಿಂದ ನಿಜವಾದ ತೂಕ ಇದಕ್ಕಿಂತ ಕೊಂಚ ಕಡಿಮೆ ಇರುತ್ತದೆ.

ಮೊದಲನೆಯ ಉದಾಹರಣೆ 1.2 ಮೀಟರ್ ಚೌಕದ ಕಿಟಕಿ ಗ್ರಿಲ್. ಸುತ್ತಲಿನ ಚೌಕಟ್ಟು ಮತ್ತು ಎರಡು ಅಡ್ಡಪಟ್ಟಿಗಳಿಗೆ 25×5 ಪಟ್ಟಿ ಒಟ್ಟು 7.2 ಮೀಟರ್, 10 ಸೆಂ.ಮೀ. ಅಂತರದಲ್ಲಿ ನಿಲ್ಲಿಸಿದ 11 ಚೌಕ ಸರಳುಗಳಿಗೆ 13.2 ಮೀಟರ್. ತೂಕ 17.4 ಕೆ.ಜಿ.

ಎರಡನೆಯದು 3.6 ಮೀಟರ್ ಅಗಲ, 1.5 ಮೀಟರ್ ಎತ್ತರದ ಎರಡು ಬಾಗಿಲುಗಳ ಗೇಟು. ಚೌಕಟ್ಟು ಮತ್ತು ನಡುಪಟ್ಟಿಗೆ 40×40×3 ಪೈಪು 16.8 ಮೀಟರ್, ಅಂದರೆ 58.5 ಕೆ.ಜಿ. ಕೆಳಭಾಗಕ್ಕೆ 1.6 ಮಿ.ಮೀ. ದಪ್ಪದ ತಗಡು 2.16 ಚದರ ಮೀಟರ್, ಅಂದರೆ 27.1 ಕೆ.ಜಿ. ಮೇಲ್ಭಾಗಕ್ಕೆ 0.9 ಮೀಟರಿನ 28 ಚೌಕ ಸರಳುಗಳು, 12 ಮಿ.ಮೀ.ನವು, 28.5 ಕೆ.ಜಿ. ಒಟ್ಟು 114.1 ಕೆ.ಜಿ.

ಕತ್ತರಿಕೆಯ ನಷ್ಟವನ್ನು ಇದಕ್ಕೆ ಸೇರಿಸಬೇಕು. ಈ ನಷ್ಟವನ್ನು ಶೇಕಡಾವಾರು ಊಹಿಸುವುದಕ್ಕಿಂತ ಕತ್ತರಿಸುವ ಪಟ್ಟಿ ಬರೆದು ನೋಡುವುದು ಲೇಸು. ಪೈಪು 6 ಮೀಟರ್ ಉದ್ದದಲ್ಲಿ ಬರುತ್ತದೆ. ಮೇಲಿನ ಗೇಟಿನ 1.5 ಮೀಟರಿನ ನಾಲ್ಕು ನಿಲುವುಗಳು ಒಂದೇ ಪೈಪಿನಲ್ಲಿ ಬರುವವೆಂದು ಕಾಗದದ ಮೇಲೆ ತೋರುತ್ತದೆ. ಆದರೆ ಕಟಿಂಗ್ ವೀಲ್ ಪ್ರತಿ ಕೊಯ್ತಕ್ಕೆ ಸುಮಾರು 3 ಮಿ.ಮೀ. ಲೋಹವನ್ನು ತಿನ್ನುತ್ತದೆ. ನಾಲ್ಕನೆಯ ತುಂಡು ಸುಮಾರು ಒಂದು ಸೆಂಟಿಮೀಟರ್ ಗಿಡ್ಡವಾಗಿ, ಅದಕ್ಕಾಗಿ ಹೊಸ ಪೈಪನ್ನೇ ಮುರಿಯಬೇಕಾಗುತ್ತದೆ. ಅದರ ತೂಕ ಸುಮಾರು 21 ಕೆ.ಜಿ., ಬೆಲೆ ಕೆ.ಜಿ.ಗೆ ರೂ. 65 ರಂತೆ ರೂ. 1,357. ಉಳಿದ ಭಾಗ ಬೇರೊಂದು ಕೆಲಸಕ್ಕೆ ಒದಗಬಹುದು. ಒದಗುವವರೆಗೆ ಹಣ ಮೂಲೆಯಲ್ಲಿ ತುಕ್ಕು ಹಿಡಿಯುತ್ತದೆ. ಗ್ರಾಹಕರ ಒಪ್ಪಿಗೆ ಪಡೆದು ಎತ್ತರವನ್ನು 1.49 ಮೀಟರಿಗೆ ಇಳಿಸಿದರೆ ಒಂದೇ ಪೈಪು ಸಾಕು. ಹೀಗೆ ಮಾಡಿದರೆಂದು ಭಾವಿಸಿ, ಗೇಟಿಗೆ ಶೇ. 6 ಮತ್ತು ಗ್ರಿಲ್ಲಿಗೆ ಶೇ. 5 ನಷ್ಟ ಹಿಡಿದಿದ್ದೇನೆ.

ಬೆಸುಗೆಯ ಕೂಲಿ

ಈಗ ಜೋಡಣೆಗಳನ್ನು ಎಣಿಸೋಣ. ಗ್ರಿಲ್ಲಿನ ಪ್ರತಿ ಸರಳಿಗೆ ಎರಡು ತುದಿ, ಎರಡು ಅಡ್ಡಹಾಯುವ ಸ್ಥಳ. 11 ಸರಳುಗಳಿಗೆ 44 ಬೆಸುಗೆ. ಅಡ್ಡಪಟ್ಟಿಗಳಿಗೆ 4, ಮೂಲೆಗಳಿಗೆ 4. ಒಟ್ಟು 52. ಗೇಟಿನ ಮೂಲೆ, ನಡುಪಟ್ಟಿ ಮತ್ತು ಸರಳುಗಳಿಗೆ 68. ತಗಡನ್ನು ಅಲ್ಲಲ್ಲಿ ಹಿಡಿಸಲು ಸುಮಾರು 40. ಒಟ್ಟು 108. ಅಂದರೆ ಗ್ರಿಲ್ಲಿನಲ್ಲಿ ಪ್ರತಿ ಕೆ.ಜಿ.ಗೆ ಮೂರು ಬೆಸುಗೆ. ಗೇಟಿನಲ್ಲಿ ಒಂದಕ್ಕೂ ಕಡಿಮೆ. ಪ್ರತಿ ಬೆಸುಗೆಯ ಹಿಂದೆ ಅಳೆಯುವುದು, ಕತ್ತರಿಸುವುದು, ಮೂಲೆಮಟ್ಟ ಹಿಡಿಯುವುದು, ಗ್ರೈಂಡಿಂಗ್ ಮಾಡುವುದು ಇದ್ದೇ ಇರುತ್ತವೆ. ಗ್ರಿಲ್ಲಿಗೆ ಸುರುಳಿ, ಹೂವಿನ ವಿನ್ಯಾಸ ಬಯಸಿದರೆ ಈ ಅಂತರ ಮತ್ತಷ್ಟು ಹೆಚ್ಚುತ್ತದೆ.

ಗಂಟೆಯ ಕೂಲಿಯನ್ನು ಲೆಕ್ಕ ಹಾಕುವಲ್ಲಿಯೂ ಒಂದು ತಪ್ಪು ಸಾಮಾನ್ಯವಾಗಿದೆ. ವೆಲ್ಡರಿಗೆ ದಿನಕ್ಕೆ ರೂ. 900, ಸಹಾಯಕನಿಗೆ ರೂ. 600, ಒಟ್ಟು ರೂ. 1,500 ಎನ್ನೋಣ. ಇದನ್ನು 8 ಗಂಟೆಗೆ ಭಾಗಿಸುವುದು ಸರಿಯಲ್ಲ. ವಿದ್ಯುತ್ ಕಡಿತ, ಸಾಮಾನು ಇಳಿಸುವುದು, ಚಹಾ ಬಿಡುವು ಇವುಗಳನ್ನು ಕಳೆದರೆ ಕೆಲಸಕ್ಕೆ ದೊರೆಯುವುದು ಸುಮಾರು 6 ಗಂಟೆ. ಆದ್ದರಿಂದ ಜೋಡಿಯ ಗಂಟೆಯ ವೆಚ್ಚ ರೂ. 250. ಗ್ರಿಲ್ಲಿಗೆ ಮೂರೂವರೆ ಗಂಟೆ, ಗೇಟಿಗೆ 11 ಗಂಟೆ ಹಿಡಿದಿದ್ದೇನೆ.

ಬಾಡಿಗೆ, ಯಂತ್ರಗಳ ಸವಕಳಿ, ಮಾಲೀಕರ ಓಡಾಟದಂಥ ಮೇಲುವೆಚ್ಚಗಳನ್ನೂ ಗಂಟೆಗಳ ಮೇಲೆಯೇ ಹಂಚಬೇಕು. ತಿಂಗಳ ಮೇಲುವೆಚ್ಚ ರೂ. 30,000, ಎರಡು ಜೋಡಿ ಕೆಲಸಗಾರರು 25 ದಿನಗಳಲ್ಲಿ ನೀಡುವ ಗಂಟೆಗಳು 300, ಗಂಟೆಗೆ ರೂ. 100.

ಬಣ್ಣ

ಬಣ್ಣ ಲೋಹದ ತೂಕವನ್ನು ನೋಡುವುದಿಲ್ಲ, ಮೈಯನ್ನು ನೋಡುತ್ತದೆ. ಸರಳಿನ ಸುತ್ತಳತೆಯನ್ನು ಉದ್ದದಿಂದ ಗುಣಿಸಿ, ತಗಡಿನ ಎರಡೂ ಬದಿಗಳನ್ನು ಸೇರಿಸಿದರೆ ವಿಸ್ತೀರ್ಣ ದೊರೆಯುತ್ತದೆ. ಗ್ರಿಲ್ಲಿಗೆ 0.96 ಚದರ ಮೀಟರ್, ಗೇಟಿಗೆ 8.2 ಚದರ ಮೀಟರ್. ಇಲ್ಲಿ ಚಿತ್ರ ತಿರುಗುಮುರುಗಾಗಿದೆ: ತಗಡು ತೂಕಕ್ಕೆ ಹೋಲಿಸಿದರೆ ಹೆಚ್ಚು ಮೈ ಹರಡಿಕೊಂಡಿರುವುದರಿಂದ ಕೆ.ಜಿ.ಗೆ ಹೆಚ್ಚು ಬಣ್ಣ ಕುಡಿಯುವುದು ಗೇಟೇ. ಒಂದು ಕೈ ರೆಡ್ ಆಕ್ಸೈಡ್, ಎರಡು ಕೈ ಎನಾಮಲ್, ತಿನ್ನರ್ ಮತ್ತು ಕೂಲಿ ಸೇರಿ ಚದರ ಮೀಟರಿಗೆ ರೂ. 180 ಹಿಡಿದಿದ್ದೇನೆ. ಡಬ್ಬಿಯ ಮೇಲೆ ಮುದ್ರಿಸಿದ ಹರಡುವಿಕೆ ಸಮತಟ್ಟಾದ ಮೈಗೆ ಹೇಳಿದ್ದು. ತೆಳು ಸರಳುಗಳ ಮೇಲೆ, ವಿಶೇಷವಾಗಿ ಸ್ಪ್ರೇ ಮಾಡುವಾಗ, ಬಣ್ಣದ ಒಂದು ಪಾಲು ಗಾಳಿಗೆ ಹೋಗುತ್ತದೆ.

ಒಟ್ಟು ವೆಚ್ಚ

| ವಿವರ | ಗ್ರಿಲ್ (ರೂ.) | ಗೇಟು (ರೂ.) |
|---|---|---|
| ಲೋಹ, ನಷ್ಟ ಸಹಿತ (18.3 ಮತ್ತು 121 ಕೆ.ಜಿ.) | 1,190 | 7,865 |
| ಕೂಲಿ | 875 | 2,750 |
| ವೆಲ್ಡಿಂಗ್ ರಾಡ್, ವೀಲ್, ವಿದ್ಯುತ್ | 150 | 400 |
| ಬಣ್ಣ | 175 | 1,480 |
| ಹಿಂಜು, ಚಿಲಕ | – | 900 |
| ಮೇಲುವೆಚ್ಚ | 350 | 1,100 |
| ಒಟ್ಟು | 2,740 | 14,495 |
| ಸಿದ್ಧವಸ್ತುವಿನ ಪ್ರತಿ ಕೆ.ಜಿ.ಗೆ | 157 | 127 |

ಎರಡಕ್ಕೂ ರೂ. 140 ದರ ನಮೂದಿಸಿದರೆಂದು ಭಾವಿಸಿ. ಗೇಟಿನಿಂದ ಬರುವುದು ರೂ. 15,974, ಲಾಭ ರೂ. 1,479. ಗ್ರಿಲ್ಲಿನಿಂದ ಬರುವುದು ರೂ. 2,436, ನಷ್ಟ ರೂ. 304. ಒಂದು ಮನೆಗೆ ಎಂಟು ಗ್ರಿಲ್ ಮತ್ತು ಒಂದು ಗೇಟು ಒದಗಿಸಿದರೆ, ಗ್ರಿಲ್ಲುಗಳ ನಷ್ಟ ರೂ. 2,432 ಗೇಟಿನ ಲಾಭವನ್ನೆಲ್ಲ ನುಂಗಿ, ಇನ್ನೂ ರೂ. 953 ನ್ನು ಮಾಲೀಕರ ಕೈಯಿಂದಲೇ ಕೊಡಿಸುತ್ತದೆ. ಇದಕ್ಕಿಂತ ಕೆಟ್ಟ ಸಂಗತಿಯೆಂದರೆ, ಗೇಟಿನ ದರ ದುಬಾರಿಯೆನಿಸಿ ಗ್ರಾಹಕರು ಅದನ್ನು ಬೇರೆಯವರಿಂದ ಮಾಡಿಸಿಕೊಳ್ಳುತ್ತಾರೆ. ಅಗ್ಗವೆನಿಸಿದ ಗ್ರಿಲ್ಲುಗಳು ಮಾತ್ರ ನಮ್ಮಲ್ಲಿಗೆ ಬರುತ್ತವೆ. ಮೇಲೆ ಹೇಳಿದ ಕಕ್ಷಿದಾರರಿಗೆ ಆದದ್ದು ಇದೇ.

ವೆಚ್ಚದ ಮೇಲೆ ಶೇ. 15 ಲಾಭ ಸೇರಿಸಿದರೆ ಗ್ರಿಲ್ಲಿಗೆ ಕೆ.ಜಿ.ಗೆ ರೂ. 181, ಗೇಟಿಗೆ ರೂ. 146 ಬರುತ್ತದೆ. ಗ್ರಾಹಕರು ಕೆ.ಜಿ. ದರವನ್ನೇ ಕೇಳಿದರೆ ಕೊಡಲಡ್ಡಿಯಿಲ್ಲ. ಆದರೆ ಭಾರವಾದ ಗೇಟು, ಸಾದಾ ಗ್ರಿಲ್, ವಿನ್ಯಾಸದ ಗ್ರಿಲ್ ಎಂದು ಕನಿಷ್ಠ ಮೂರು ದರಗಳಿರಬೇಕು.

ತೆರಿಗೆಯ ಪರಿಣಾಮ

ಮೇಲಿನ ಲೆಕ್ಕದಲ್ಲಿ ಲೋಹದ ದರ ರೂ. 65 ತೆರಿಗೆ ರಹಿತವಾದುದು. ಸಾಮಾನ್ಯ ಜಿ.ಎಸ್.ಟಿ. ನೋಂದಣಿ ಹೊಂದಿದವರು ಖರೀದಿಯ ಮೇಲಿನ ಶೇ. 18 ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆದು, ಮಾರಾಟದ ಮೇಲೆ ಶೇ. 18 ವಿಧಿಸುತ್ತಾರೆ. ಅವರಿಗೆ ಅದು ವೆಚ್ಚವಲ್ಲ. ವಾರ್ಷಿಕ ರೂ. 1.5 ಕೋಟಿಯೊಳಗಿನ ವಹಿವಾಟಿಗೆ ಲಭ್ಯವಿರುವ ಕಾಂಪೊಸಿಶನ್ ಪದ್ಧತಿಯನ್ನು ಆಯ್ದುಕೊಂಡ ತಯಾರಕರ ಸ್ಥಿತಿ ಬೇರೆ. ಅವರಿಗೆ ಜಮೆ ದೊರೆಯುವುದಿಲ್ಲ, ವಹಿವಾಟಿನ ಶೇ. 1 ನ್ನು ತಾವೇ ಕಟ್ಟಬೇಕು, ಗ್ರಾಹಕರಿಂದ ವಸೂಲು ಮಾಡುವಂತಿಲ್ಲ. ಅವರ ಪಾಲಿಗೆ ಲೋಹದ ದರ ರೂ. 76.70. ಅದೇ ಗೇಟನ್ನು ಅದೇ ರೂ. 140 ಕ್ಕೆ ಮಾರಿದರೆ ಲೋಹದ ಮೇಲಿನ ತೆರಿಗೆ ರೂ. 1,416 ಮತ್ತು ಶೇ. 1 ರ ರೂ. 160 ಸೇರಿ ರೂ. 1,479 ರ ಲಾಭ ಅಳಿಸಿಹೋಗುತ್ತದೆ. ನೆರೆಯ ಕಾರ್ಯಾಗಾರದ ದರವನ್ನು ನೋಡಿ ತಮ್ಮ ದರ ನಿಗದಿಪಡಿಸುವವರು ಆತನ ನೋಂದಣಿ ಯಾವ ಬಗೆಯದೆಂಬುದನ್ನೂ ವಿಚಾರಿಸಬೇಕು.

ಕೊಟೇಶನ್ನಿನಲ್ಲಿ ಇರಬೇಕಾದದ್ದು

ತೂಕ ಯಾವುದೆಂಬುದನ್ನು ಬರೆದು ತಿಳಿಸದಿದ್ದರೆ ವಿವಾದ ತಪ್ಪದು. 10 ಮಿ.ಮೀ. ಎಂದು ಕೊಂಡ ಸರಳು ನಿಜಕ್ಕೂ 9.3 ಮಿ.ಮೀ. ಇದ್ದರೆ ತೂಕ ಶೇ. 13 ಕ್ಕೂ ಹೆಚ್ಚು ಕುಗ್ಗುತ್ತದೆ. ಏಕೆಂದರೆ ತೂಕ ಬದಿಯ ವರ್ಗವನ್ನು ಅನುಸರಿಸುತ್ತದೆ. ಸೂತ್ರದ ತೂಕಕ್ಕೆ ಹಣ ಕೊಟ್ಟ ಗ್ರಾಹಕರಿಗೆ ಇದರಿಂದ ನಷ್ಟ. ತಕ್ಕಡಿಯ ತೂಕಕ್ಕೆ ಬಿಲ್ ಮಾಡುವ ಕಾರ್ಯಾಗಾರಕ್ಕೂ ನಷ್ಟವೇ, ಏಕೆಂದರೆ ಬೆಸುಗೆಗಳ ಸಂಖ್ಯೆ ಕಡಿಮೆಯಾಗಿರುವುದಿಲ್ಲ. ಆದ್ದರಿಂದ ಸರಕು ಬಂದಾಗ ವರ್ನಿಯರ್ ಕ್ಯಾಲಿಪರಿನಿಂದ ಅಳೆಯಬೇಕು. ಬಿಲ್ಲಿಗೆ ಆಧಾರ ಬಣ್ಣ ಬಳಿಯುವ ಮೊದಲು ತಕ್ಕಡಿಯಲ್ಲಿ ತೂಗಿದ ತೂಕವೆಂದೂ, ಹಿಂಜು ಮತ್ತು ಚಿಲಕ ಅದರಲ್ಲಿ ಸೇರಿವೆಯೇ ಎಂಬುದನ್ನೂ, ಸಾಗಣೆ ಮತ್ತು ಗೋಡೆಗೆ ಕೂಡಿಸುವ ಖರ್ಚು ಪ್ರತ್ಯೇಕವೇ ಎಂಬುದನ್ನೂ ಸ್ಪಷ್ಟಪಡಿಸಬೇಕು.

ಕೊನೆಯದಾಗಿ, ಪ್ರತಿ ಕೆಲಸಕ್ಕೂ ಒಂದು ಚೀಟಿಯಿರಲಿ. ಸಿದ್ಧವಸ್ತುವಿನ ತೂಕ, ಹಿಡಿದ ಗಂಟೆಗಳು ಮತ್ತು ಬಳಸಿದ ಬಣ್ಣ, ಈ ಮೂರನ್ನು ಮೇಸ್ತ್ರಿಯೇ ಅದರಲ್ಲಿ ಬರೆಯಬಲ್ಲರು. ನಾನು ಹಿಡಿದಿರುವ ಮೂರೂವರೆ ಗಂಟೆ ತಮ್ಮ ಕಾರ್ಯಾಗಾರದಲ್ಲಿ ಮೂರು ಗಂಟೆಯೋ ಐದು ಗಂಟೆಯೋ ಎಂಬುದು ಮೂರು ತಿಂಗಳ ಚೀಟಿಗಳಿಂದ ತಿಳಿಯುತ್ತದೆ. ಮುಂದಿನ ಕೊಟೇಶನ್ನನ್ನು ಆ ಅಂಕಿಗಳ ಮೇಲೆ ಬರೆಯಬೇಕು.