ಗೂಗಲ್ ತೋರಿಸುವ ರೇಟು, ಪಾಸ್‌ಬುಕ್ಕಿಗೆ ಬರುವ ದುಡ್ಡು

2022ರ ಏಪ್ರಿಲ್ ನಡುವಿನಲ್ಲಿ ಒಂದು ಡಾಲರಿಗೆ 76 ರೂಪಾಯಿ ಚಿಲ್ಲರೆ ಇದ್ದ ದರ ಅದೇ ವರ್ಷ ಅಕ್ಟೋಬರ್ 19ರಂದು ಮೊದಲ ಬಾರಿಗೆ 83 ರೂಪಾಯಿ ದಾಟಿತು. ದುಬೈ, ಅಬುಧಾಬಿ, ಶಾರ್ಜಾಗಳಲ್ಲಿ ದುಡಿಯುವವರಿರುವ ಕರಾವಳಿಯ ಮನೆಗಳಲ್ಲಿ ಇಂಥ ತಿಂಗಳುಗಳಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. "ಗೂಗಲ್‌ನಲ್ಲಿ ದಿರ್ಹಂಗೆ ಇಪ್ಪತ್ತೆರಡೂವರೆ ಅಂತ ತೋರಿಸ್ತಾ ಇದೆ. ಹಾಗಿದ್ರೆ ಅಕೌಂಟಿಗೆ ಇಷ್ಟೇ ಯಾಕೆ ಬಂತು?" ಕೇಳುವವರಿಗೆ ಅನುಮಾನ ಇರಲೇಬೇಕೆಂದಿಲ್ಲ. ಆದರೆ ಉತ್ತರ ಸಿಗದೆ ಹೋದರೆ ಅನುಮಾನ ಹುಟ್ಟುತ್ತದೆ. ಅಲ್ಲಿರುವವನಿಗೂ ತಾನು ಸರಿಯಾಗಿಯೇ ಕಳಿಸಿದ್ದೇನೆಂದು ತೋರಿಸಲು ಕೈಯಲ್ಲಿ ಲೆಕ್ಕ ಇರುವುದಿಲ್ಲ.

ಈ ಲೆಕ್ಕ ಕಷ್ಟದ್ದಲ್ಲ. ಸಂಬಳವನ್ನು ಮೊದಲೇ ರೂಪಾಯಿಗೆ ಬದಲಾಯಿಸಿ, ಆಮೇಲೆ ತಾಳೆ ನೋಡಲು ಹೊರಡುವುದರಿಂದ ಅದು ಗೋಜಲಾಗುತ್ತದೆ. ಸರಿಯಾದ ಕ್ರಮ ಇದಕ್ಕೆ ತಿರುಗುಮುರುಗು. ಮೊದಲು ದಿರ್ಹಂಗಳಲ್ಲೇ ಲೆಕ್ಕ ಕೂಡಿಸಬೇಕು, ರೂಪಾಯಿ ಕೊನೆಗೆ ಬರಬೇಕು.

ದಿರ್ಹಂ ವಿಷಯದಲ್ಲಿ ಒಂದು ಅನುಕೂಲ ಇದೆ. 1997ರಿಂದ ಯುಎಇ ತನ್ನ ನಾಣ್ಯವನ್ನು ಡಾಲರಿಗೆ 3.6725 ದಿರ್ಹಂ ಎಂದು ಕಟ್ಟಿಹಾಕಿದೆ. ಹೀಗಾಗಿ ದಿರ್ಹಂನ ಬೆಲೆ ತಾನಾಗಿ ಏರಿಳಿಯುವುದಿಲ್ಲ, ಡಾಲರಿನ ಎದುರು ರೂಪಾಯಿ ಏರಿಳಿದಷ್ಟೇ ಅದೂ ಬದಲಾಗುತ್ತದೆ. ಆ ದಿನದ ಡಾಲರ್ ದರವನ್ನು 3.6725ರಿಂದ ಭಾಗಿಸಿದರೆ ಮಾರುಕಟ್ಟೆಯ ದಿರ್ಹಂ ದರ ಕೈಗೆ ಸಿಗುತ್ತದೆ. ಸೌದಿ ರಿಯಾಲ್ ಕೂಡ ಡಾಲರಿಗೆ 3.75ರಂತೆ ಕಟ್ಟಿಹಾಕಿದ ನಾಣ್ಯ, ಅಲ್ಲೂ ಇದೇ ಲೆಕ್ಕ ನಡೆಯುತ್ತದೆ. ಕುವೈತ್ ದಿನಾರ್ ಹಲವು ನಾಣ್ಯಗಳ ಗುಂಪಿಗೆ ಹೊಂದಿಕೊಂಡಿರುವುದರಿಂದ ಅದಕ್ಕೆ ಈ ಸುಲಭದ ದಾರಿ ಇಲ್ಲ.

ಒಂದು ಕಾಲಕ್ಕೆ ಈ ತಾಪತ್ರಯವೇ ಇರಲಿಲ್ಲ. ಗಲ್ಫ್‌ನ ಹಲವು ನಾಡುಗಳಲ್ಲಿ ಭಾರತದ ರೂಪಾಯಿಯೇ ಚಲಾವಣೆಯಲ್ಲಿತ್ತು. 1959ರಿಂದ ಆ ಭಾಗಕ್ಕೆಂದೇ ರಿಸರ್ವ್ ಬ್ಯಾಂಕ್ ಪ್ರತ್ಯೇಕ ಗಲ್ಫ್ ರೂಪಾಯಿ ನೋಟು ಹೊರಡಿಸುತ್ತಿತ್ತು. 1966ರ ಜೂನ್‌ನಲ್ಲಿ ಭಾರತ ರೂಪಾಯಿಯ ಅಪಮೌಲ್ಯ ಮಾಡಿದ ಮೇಲೆ ಅದನ್ನು ಇನ್ನೂ ಬಳಸುತ್ತಿದ್ದ ನಾಡುಗಳೂ ಕೈಬಿಟ್ಟವು. 1973ರಲ್ಲಿ ಯುಎಇ ದಿರ್ಹಂ ಬಂತು.

ಈಗ ಒಂದು ಮನೆಯ ಲೆಕ್ಕವನ್ನು ಬಿಡಿಸಿ ನೋಡಬಹುದು. ವ್ಯಕ್ತಿ ಮತ್ತು ಮೊತ್ತ ಉದಾಹರಣೆಗಾಗಿ ಇಟ್ಟುಕೊಂಡವು, ಮಾರುಕಟ್ಟೆಯ ದರ ಮಾತ್ರ 2022ರ ಆಯಾ ತಿಂಗಳಿನದಕ್ಕೆ ಹತ್ತಿರದ್ದು. ಕುಂದಾಪುರದ ಕಡೆಯ ಒಬ್ಬರು ದುಬೈಯಲ್ಲಿ ತಿಂಗಳಿಗೆ 5,000 ದಿರ್ಹಂ ಸಂಬಳಕ್ಕೆ ಇದ್ದಾರೆ. ಬಾಡಿಗೆ, ಊಟ, ಮೊಬೈಲ್ ಖರ್ಚಿಗೆ 1,500 ಇಟ್ಟುಕೊಂಡು ಉಳಿದ 3,500 ದಿರ್ಹಂಗಳನ್ನು ಎಕ್ಸ್‌ಚೇಂಜ್ ಕೌಂಟರಿನಲ್ಲಿ ಕೊಡುತ್ತಾರೆ. ಅದರಲ್ಲಿ 20 ದಿರ್ಹಂ ಕಳಿಸುವ ಶುಲ್ಕ, ಆ ಶುಲ್ಕದ ಮೇಲೆ ಶೇ 5ರ ವ್ಯಾಟ್ ಒಂದು ದಿರ್ಹಂ. ರೂಪಾಯಿಯಾಗುವುದು ಉಳಿದ 3,479 ದಿರ್ಹಂ ಮಾತ್ರ.

ಏಪ್ರಿಲ್‌ನಲ್ಲಿ ಮಾರುಕಟ್ಟೆಯ ದರ 20.80, ಕೌಂಟರಿನಲ್ಲಿ ಕೊಟ್ಟದ್ದು 20.70. ಮನೆಗೆ ಬಂದದ್ದು 72,015 ರೂಪಾಯಿ. ಜುಲೈಯಲ್ಲಿ ಮಾರುಕಟ್ಟೆ 21.70ಕ್ಕೆ ಏರಿತು, ಕೌಂಟರಿನ ದರ 21.60. ಬಂದದ್ದು 75,146 ರೂಪಾಯಿ. ಅಕ್ಟೋಬರಿನಲ್ಲಿ ಮಾರುಕಟ್ಟೆ 22.50, ಕೌಂಟರು 22.35. ಆ ತಿಂಗಳು ಪಾಸ್‌ಬುಕ್ಕಿಗೆ ಬಿದ್ದದ್ದು 73,286 ರೂಪಾಯಿ.

ಮನೆಯವರು 3,500ನ್ನು 22.50ರಿಂದ ಗುಣಿಸಿ 78,750 ಬರಬೇಕೆಂದು ಕಾದಿದ್ದರು. 5,464 ರೂಪಾಯಿ ಕಡಿಮೆ ಬಂದಿದೆ. ಎಕ್ಸ್‌ಚೇಂಜಿನವರು ಇಷ್ಟೊಂದು ಹಿಡಿದುಕೊಂಡರೇ ಎಂದು ಗಾಬರಿಯಾಗುವುದು ಇಲ್ಲಿಯೇ. ರಸೀದಿ ನೋಡಿದರೆ ಕತೆ ಬೇರೆ. ರೂಮಿನ ಬಾಡಿಗೆಯಲ್ಲಿ ಅವರ ಪಾಲು ಏರಿದ್ದರಿಂದ ಆ ತಿಂಗಳು ಕೌಂಟರಿನಲ್ಲಿ ಕೊಟ್ಟದ್ದೇ 3,300 ದಿರ್ಹಂ. ಕಡಿಮೆ ಕೊಟ್ಟ 200 ದಿರ್ಹಂಗಳ ಬೆಲೆ ಮಾರುಕಟ್ಟೆ ದರದಲ್ಲಿ 4,500 ರೂಪಾಯಿ. ಶುಲ್ಕ ಮತ್ತು ವ್ಯಾಟ್ ಸೇರಿ 21 ದಿರ್ಹಂ, ಅಂದರೆ 472 ರೂಪಾಯಿ 50 ಪೈಸೆ. ಉಳಿದ 3,279 ದಿರ್ಹಂಗಳಲ್ಲಿ ಒಂದೊಂದಕ್ಕೂ ಕೌಂಟರಿನವರು ಮಾರುಕಟ್ಟೆಗಿಂತ 15 ಪೈಸೆ ಕಡಿಮೆ ಕೊಟ್ಟಿದ್ದಾರೆ, ಅದು 491 ರೂಪಾಯಿ 85 ಪೈಸೆ. ಮೂರನ್ನೂ ಕೂಡಿದರೆ 5,464 ರೂಪಾಯಿ 35 ಪೈಸೆ. ಮನೆಯವರು ಕಾದದ್ದಕ್ಕೂ ಕೈಗೆ ಬಂದದ್ದಕ್ಕೂ ಇರುವ ಅಂತರ ಪೈಸೆ ಬಿಡದೆ ಸರಿಹೋಯಿತು.

ಇದೇ ಅಂಕಿಗಳಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ, ಅದು ಹೆಚ್ಚು ಅಪಾಯದ್ದು. ಗೂಗಲ್ ನೋಡದೆ ಪಾಸ್‌ಬುಕ್ ಮಾತ್ರ ನೋಡುವ ಮನೆಯವರಿಗೆ ಅಕ್ಟೋಬರಿನ ಮೊತ್ತ ಏಪ್ರಿಲ್‌ಗಿಂತ 1,270 ರೂಪಾಯಿ ಹೆಚ್ಚಾಗಿಯೇ ಕಾಣುತ್ತದೆ. ಗಳಿಕೆ ಏರಿತೆಂದು ಅವರು ತಿಳಿದರೆ ಅಚ್ಚರಿಯಿಲ್ಲ. ನಿಜವಾಗಿ ಅಲ್ಲಿಂದ ಹೊರಟ ಹಣ 200 ದಿರ್ಹಂ ಇಳಿದಿದೆ, ರೂಪಾಯಿಯ ಕುಸಿತ ಆ ಇಳಿಕೆಯನ್ನು ಮುಚ್ಚಿಹಾಕಿದೆ. ಇದನ್ನು ನಂಬಿ ಹೊಸ ಸಾಲದ ಕಂತಿಗೆ ಒಪ್ಪಿಕೊಂಡವರು, ರೂಪಾಯಿ ಸ್ವಲ್ಪ ಚೇತರಿಸಿಕೊಂಡ ತಿಂಗಳು ಕಷ್ಟಕ್ಕೆ ಸಿಲುಕುತ್ತಾರೆ. ದಿರ್ಹಂನ ಕಾಲಮ್ಮು ಇಲ್ಲದ ಲೆಕ್ಕದ ಪುಸ್ತಕದಲ್ಲಿ ಈ ಎಚ್ಚರಿಕೆ ಸಿಗುವುದೇ ಇಲ್ಲ.

ಮೂರು ತಿಂಗಳನ್ನು ಒಟ್ಟಿಗೆ ನೋಡುವಾಗ ಮೂರು ದರಗಳ ಸರಾಸರಿ ತೆಗೆದು ಗುಣಿಸುವ ಅಭ್ಯಾಸವೂ ಬೇಡ. ಪ್ರತಿ ತಿಂಗಳೂ ಒಂದೇ ಮೊತ್ತ ಹೋಗಿದ್ದರೆ ಮಾತ್ರ ಆ ಲೆಕ್ಕ ಹೊಂದುತ್ತದೆ. ಮನೆ ಕಟ್ಟಲೆಂದೋ ಮದುವೆಗೆಂದೋ ಒಂದು ತಿಂಗಳು ದೊಡ್ಡ ಮೊತ್ತ ಬಂದಿದ್ದರೆ ಸರಾಸರಿ ದರ ದಾರಿ ತಪ್ಪಿಸುತ್ತದೆ. ಬಂದ ಒಟ್ಟು ರೂಪಾಯಿಯನ್ನು ಕೌಂಟರಿನಲ್ಲಿ ಕೊಟ್ಟ ಒಟ್ಟು ದಿರ್ಹಂನಿಂದ ಭಾಗಿಸುವುದು ಸರಿಯಾದ ದಾರಿ. ನಮ್ಮ ಉದಾಹರಣೆಯಲ್ಲಿ 10,300 ದಿರ್ಹಂ ಕೊಟ್ಟದ್ದಕ್ಕೆ 2,20,447 ರೂಪಾಯಿ ಬಂದಿದೆ, ಅಂದರೆ ಒಂದು ದಿರ್ಹಂಗೆ 21 ರೂಪಾಯಿ 40 ಪೈಸೆ ದಕ್ಕಿದೆ. ಆಯಾ ತಿಂಗಳ ಮಾರುಕಟ್ಟೆ ದರದಲ್ಲಿ ಅದೇ ದಿರ್ಹಂಗಳ ಬೆಲೆ 2,23,000 ರೂಪಾಯಿ. ಕಳಿಸುವ ದಾರಿಯಲ್ಲಿ ಖರ್ಚಾದದ್ದು 2,553 ರೂಪಾಯಿ, ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು. ವಲಸಿಗರು ಮನೆಗೆ ಹಣ ಕಳಿಸುವ ವೆಚ್ಚ 2030ರೊಳಗೆ ಶೇ 3ಕ್ಕಿಂತ ಕೆಳಗಿಳಿಯಬೇಕೆಂಬುದು ವಿಶ್ವಸಂಸ್ಥೆಯ ಗುರಿ. ಆ ಅಳತೆಯಲ್ಲಿ ಇದು ಮೋಸದ ವ್ಯವಹಾರವಲ್ಲ. ಶುಲ್ಕ ಇಲ್ಲವೇ ಇಲ್ಲ ಎಂದು ಜಾಹೀರಾತು ಕೊಡುವ ಕಡೆಯೂ ಈ ಭಾಗಾಕಾರ ಮಾಡಿ ನೋಡಬೇಕು. ಶುಲ್ಕ ಬಿಟ್ಟವರು ದರದಲ್ಲಿ ಹಿಡಿದುಕೊಂಡಿದ್ದರೆ ಅದು ಇಲ್ಲಿ ಕಾಣುತ್ತದೆ.

ತಾಳೆ ಹಾಕುವಾಗ ಇನ್ನೊಂದು ವಿಷಯ ತಿಳಿದಿರಬೇಕು: ದಿರ್ಹಂ ರೂಪಾಯಿಯಾದದ್ದು ಎಲ್ಲಿ? ಗಲ್ಫ್‌ನ ಎಕ್ಸ್‌ಚೇಂಜ್‌ಗಳು ಸಾಮಾನ್ಯವಾಗಿ ಭಾರತದ ಬ್ಯಾಂಕುಗಳಲ್ಲಿ ರೂಪಾಯಿ ಖಾತೆ ಇಟ್ಟುಕೊಂಡಿರುತ್ತವೆ. ರಿಸರ್ವ್ ಬ್ಯಾಂಕಿನ ಅನುಮತಿಯಲ್ಲಿ ನಡೆಯುವ ಈ ಏರ್ಪಾಡಿನಲ್ಲಿ ಮನೆಗೆ ಎಷ್ಟು ರೂಪಾಯಿ ಎಂಬುದು ದುಬೈಯ ಕೌಂಟರಿನಲ್ಲೇ ನಿಗದಿಯಾಗುತ್ತದೆ. ರಸೀದಿಯಲ್ಲಿ ಅಚ್ಚಾದ ರೂಪಾಯಿ ಮೊತ್ತವೇ ಪಾಸ್‌ಬುಕ್ಕಿನಲ್ಲೂ ಇರಬೇಕು. ಹತ್ತು ರೂಪಾಯಿ ವ್ಯತ್ಯಾಸವಿದ್ದರೂ ವಿಚಾರಿಸಬೇಕು.

ಅಲ್ಲಿನ ಬ್ಯಾಂಕಿನಿಂದ ವಿದೇಶಿ ನಾಣ್ಯದಲ್ಲೇ ಹಣ ಕಳಿಸಿದರೆ ಹೀಗಲ್ಲ. ಅದು ರೂಪಾಯಿಯಾಗುವುದು ಇಲ್ಲಿನ ಬ್ಯಾಂಕಿನಲ್ಲಿ, ಹಣ ತಲುಪಿದ ದಿನದ ಖರೀದಿ ದರದಲ್ಲಿ. ಕಳಿಸಿದ ದಿನ ಯಾವ ದರವಿತ್ತು ಎಂಬುದಕ್ಕೆ ಅಲ್ಲಿ ಬೆಲೆಯಿಲ್ಲ. ನಡುವಿನ ಬ್ಯಾಂಕೊಂದು ತನ್ನ ಶುಲ್ಕವನ್ನು ಮುರಿದುಕೊಂಡಿರಲೂಬಹುದು. ಜೊತೆಗೆ ನಾಣ್ಯ ಬದಲಾವಣೆಯ ಸೇವೆಗೆ ಜಿಎಸ್‌ಟಿ ಇದೆ. ಒಂದು ಲಕ್ಷ ರೂಪಾಯಿಯ ತನಕ ಮೊತ್ತದ ಶೇ 1ನ್ನು ಸೇವೆಯ ಬೆಲೆ ಎಂದು ಹಿಡಿದು, ಅದರ ಮೇಲೆ ಶೇ 18 ಹಾಕುತ್ತಾರೆ. 73,000 ರೂಪಾಯಿಗೆ ಇದು ಸುಮಾರು 131 ರೂಪಾಯಿ. ಎಷ್ಟೇ ಸಣ್ಣ ಮೊತ್ತ ಬಂದರೂ 45 ರೂಪಾಯಿಗೆ ಕಡಿಮೆಯಿಲ್ಲ.

ತಾರೀಕೂ ತೊಡಕು ಮಾಡುತ್ತದೆ. ಸೆಪ್ಟೆಂಬರಿನ ಸಂಬಳ ಅಕ್ಟೋಬರ್ ಮೊದಲ ವಾರ ಕೈಸೇರಿ, ಹತ್ತನೇ ತಾರೀಕಿಗೆ ಕಳಿಸಿದರೆ ಅದು ಯಾವ ತಿಂಗಳ ಲೆಕ್ಕ? ಒಂದು ಪದ್ಧತಿ ಇಟ್ಟುಕೊಂಡು ಅದನ್ನೇ ಪಾಲಿಸಿದರೆ ಸಾಕು. ಸಂಬಳವನ್ನು ದುಡಿದ ತಿಂಗಳಿಗೆ ಬರೆದು, ಮನೆಗೆ ಬಂದದ್ದನ್ನು ಬಂದ ತಾರೀಕಿಗೆ ಬರೆದು, ತಿಂಗಳ ಕೊನೆಗೆ ಹೊರಟಿದ್ದರೂ ತಲುಪದ ಹಣವನ್ನು ದಾರಿಯಲ್ಲಿದೆ ಎಂದು ಬೇರೆಯಾಗಿ ತೋರಿಸಬೇಕು. ಇದನ್ನು ಬಿಟ್ಟರೆ ಒಂದು ತಿಂಗಳು ಹಣವೇ ಬಂದಿಲ್ಲವೆಂದೂ ಮರುತಿಂಗಳು ಎರಡು ಬಾರಿ ಬಂದಿದೆಯೆಂದೂ ಪುಸ್ತಕ ಹೇಳುತ್ತದೆ.

ಅಲ್ಲಿನ ಕೆಲಸ ಬಿಟ್ಟು ಊರಿಗೆ ಮರಳಿದವರಿಗೆ, ಇಲ್ಲಿ ಕುಳಿತೇ ವಿದೇಶಿ ಕಂಪನಿಗೆ ದುಡಿಯುವ ಬೆಂಗಳೂರಿನವರಿಗೆ ಮೂರನೆಯದೊಂದು ಮೊತ್ತ ಎದುರಾಗುತ್ತದೆ. ತೆರಿಗೆಯ ದೃಷ್ಟಿಯಿಂದ ಆ ವರ್ಷ ಭಾರತದ ನಿವಾಸಿ ಎನಿಸಿಕೊಂಡವರ ವಿದೇಶಿ ಸಂಬಳವನ್ನು ರೂಪಾಯಿಗೆ ತಿರುಗಿಸಲು ಆದಾಯ ತೆರಿಗೆ ನಿಯಮಗಳು ಬೇರೆಯೇ ದರ ಹೇಳುತ್ತವೆ. ಸಂಬಳ ಸಲ್ಲಬೇಕಾದ ತಿಂಗಳಿನ ಹಿಂದಿನ ತಿಂಗಳ ಕೊನೆಯ ದಿನ ಸ್ಟೇಟ್ ಬ್ಯಾಂಕ್ ಪ್ರಕಟಿಸಿದ ಟಿಟಿ ಖರೀದಿ ದರ ಅದು. 2022ರ ಅಕ್ಟೋಬರಿನ ಸಂಬಳಕ್ಕೆ ಸೆಪ್ಟೆಂಬರ್ 30ರ ದರ ಹಿಡಿಯಬೇಕು, ಆಗಿನ್ನೂ ಡಾಲರ್ 83ಕ್ಕೆ ಏರಿರಲಿಲ್ಲ. ಅದೂ ಪೂರ್ತಿ ಸಂಬಳಕ್ಕೆ, ಮನೆಗೆ ಕಳಿಸಿದ ಭಾಗಕ್ಕೆ ಮಾತ್ರವಲ್ಲ. ಹೀಗಾಗಿ ರಿಟರ್ನ್‌ನಲ್ಲಿ ಬರೆದ ಸಂಬಳವೂ ಪಾಸ್‌ಬುಕ್ಕಿನ ಮೊತ್ತವೂ ಒಂದೇ ಆಗಿರುವುದಿಲ್ಲ, ಆಗಬೇಕಾಗಿಯೂ ಇಲ್ಲ. ವ್ಯತ್ಯಾಸ ಏಕೆಂದು ಇಲಾಖೆ ಕೇಳಿದರೆ ತೋರಿಸಲು ಸಂಬಳದ ಸ್ಲಿಪ್, ತಿಂಗಳವಾರು ದರದ ಪಟ್ಟಿ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಇರಬೇಕು.

ಮನೆಯಲ್ಲಿರುವವರು ಅಲ್ಲಿಂದ ಪ್ರತಿ ತಿಂಗಳು ಎರಡು ಫೋಟೊ ತರಿಸಿಕೊಳ್ಳಲಿ: ಒಂದು ಸಂಬಳದ ಸ್ಲಿಪ್‌ನದು, ಇನ್ನೊಂದು ಎಕ್ಸ್‌ಚೇಂಜಿನ ರಸೀದಿಯದು. ರಸೀದಿಯಲ್ಲಿ ಕೊಟ್ಟ ದಿರ್ಹಂ, ಶುಲ್ಕ, ವ್ಯಾಟ್, ದರ, ಸಿಗಬೇಕಾದ ರೂಪಾಯಿ ಮತ್ತು ರೆಫರೆನ್ಸ್ ಸಂಖ್ಯೆ ಎಲ್ಲವೂ ಇರುತ್ತವೆ. ರಸೀದಿಗೂ ಪಾಸ್‌ಬುಕ್ಕಿಗೂ ತಾಳೆಯಾಗದಿದ್ದರೆ ಮೊದಲು ಆ ಸಂಖ್ಯೆ ಹಿಡಿದು ಎಕ್ಸ್‌ಚೇಂಜಿನಲ್ಲಿ ಕೇಳಿಸಬೇಕು, ಆಮೇಲೆ ಇಲ್ಲಿನ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಮೂವತ್ತು ದಿನಗಳಲ್ಲಿ ಬ್ಯಾಂಕ್ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ.