ಪುಟ್ಟ ಮಕ್ಕಳಿಗೆ ‘ಕಕ್ಕ’ ಎಂದರೆ ಯಾಕಷ್ಟು ನಗು? ಬೆಳೆದಂತೆ ಆ ನಗು ಎಲ್ಲಿಗೆ ಹೋಗುತ್ತದೆ?

“ತಿಂಡಿಗೆ ಏನು ಮಾಡಲಿ?” ಎಂದು ಕೇಳಿದರೆ ನಾಲ್ಕು ವರ್ಷದ ಮಗು “ಕಕ್ಕ ದೋಸೆ, ಸುಸ್ಸು ಚಟ್ನಿ” ಎಂದು ಹೇಳಿ ಬಿದ್ದು ಬಿದ್ದು ನಗುತ್ತದೆ. ನೆಂಟರ ಮುಂದೆ ‘ಹೂಸು’ ಎಂದರಂತೂ ಮುಗಿದೇಹೋಯಿತು. ಇದನ್ನು ಕೇಳಿದ ಹಿರಿಯರಲ್ಲಿ ಕೆಲವರು “ಶಾಲೆಯಲ್ಲಿ ಸಹವಾಸ ಸರಿಯಿಲ್ಲ” ಎನ್ನುತ್ತಾರೆ. ಇನ್ನು ಕೆಲವರು “ನಾಲಿಗೆಗೆ ಖಾರ ಹಚ್ಚಿ, ಬುದ್ಧಿ ಬರುತ್ತೆ” ಎಂದು ಸಲಹೆ ಕೊಡುತ್ತಾರೆ. ಮಗು ನಿಜಕ್ಕೂ ಹಾಳಾಗುತ್ತಿದೆಯೇ? ಇಲ್ಲ. ಯಾಕೆ ಎಂದು ನೋಡೋಣ.

ಒಂದೇ ಪದ, ವಯಸ್ಸಿಗೊಂದು ಅರ್ಥ

ಎರಡು ವರ್ಷದ ಮಗು “ಅಮ್ಮಾ, ಕಕ್ಕ” ಎಂದಾಗ ಅದರಲ್ಲಿ ತಮಾಷೆ ಇರುವುದಿಲ್ಲ. ಅದು ಬರೀ ಸುದ್ದಿ. ಆದರೆ ಸುಮಾರು ಇದೇ ಹೊತ್ತಿಗೆ ಮನೆಯಲ್ಲಿ ಪಾಠ ಶುರುವಾಗಿರುತ್ತದೆ: ಚಡ್ಡಿಯಲ್ಲಿ ಮಾಡಬಾರದು, ಮೊದಲೇ ಹೇಳಬೇಕು, ಮುಟ್ಟಬಾರದು, ಊಟದ ಹೊತ್ತಿನಲ್ಲಿ ಆ ಮಾತು ಆಡಬಾರದು. ಮಗುವಿನ ಬದುಕಿನಲ್ಲಿ ಇಷ್ಟೊಂದು ನಿಯಮಗಳಿರುವ ವಿಷಯ ಬೇರೊಂದಿಲ್ಲ. ಚೆನ್ನಾಗಿ ಕಲಿತರೆ ಹೊಗಳಿಕೆ, ತಪ್ಪಿದರೆ ಬೈಗುಳ.

ಮೂರು-ನಾಲ್ಕು ವರ್ಷಕ್ಕೆ ಮಗು ಈ ನಿಯಮಗಳನ್ನು ಹೆಚ್ಚುಕಡಿಮೆ ಕಲಿತಿರುತ್ತದೆ. ಆಗಲೇ ತಮಾಷೆ ಹುಟ್ಟುವುದು. ದೋಸೆಯ ಪಕ್ಕ ಕಕ್ಕ ಇರಬಾರದು ಎಂದು ಗೊತ್ತಿದ್ದರೆ ಮಾತ್ರ ‘ಕಕ್ಕ ದೋಸೆ’ ನಗು ತರಿಸುತ್ತದೆ. ನಿಜವಾಗಿ ಏನನ್ನೂ ಗಲೀಜು ಮಾಡದೆ, ಬಾಯಿಮಾತಿನಲ್ಲೇ ನಿಯಮ ಮುರಿದ ಖುಷಿ ಅದು. ಅಂದರೆ ಈ ನಗು ಮಗು ನಿಯಮ ಕಲಿತಿದೆ ಎಂಬುದರ ಗುರುತು.

ಇನ್ನೊಂದು ಕಾರಣ ನಾವೇ. ಒಂದು ಪುಟ್ಟ ಪದಕ್ಕೆ ಅಜ್ಜಿ ಕಿರುಚುತ್ತಾರೆ, ಮಾವ ನಗು ತಡೆಯುತ್ತಾರೆ, ಅಪ್ಪ ಕಣ್ಣು ಬಿಡುತ್ತಾರೆ. ಇಡೀ ಮನೆಯನ್ನು ಅಲ್ಲಾಡಿಸುವ ಪದ ಸಿಕ್ಕರೆ ಮಗು ಬಿಡುತ್ತದೆಯೇ?

ನಗು ಕಡಿಮೆಯಾಗುವುದು ಹೇಗೆ?

ಮಕ್ಕಳ ಹಾಸ್ಯದ ಬಗ್ಗೆ 1979ರಲ್ಲಿ ಪುಸ್ತಕ ಬರೆದ ಮನಶ್ಶಾಸ್ತ್ರಜ್ಞ ಪಾಲ್ ಮೆಕ್‌ಗೀ, ಮಕ್ಕಳ ಬುದ್ಧಿ ಬೆಳೆದಂತೆ ಹಾಸ್ಯವೂ ಹಂತಹಂತವಾಗಿ ಬೆಳೆಯುತ್ತದೆ ಎಂದು ವಿವರಿಸಿದರು. ಅವರ ಪ್ರಕಾರ ಸುಮಾರು ಏಳು ವರ್ಷಕ್ಕೆ ಮಕ್ಕಳಿಗೆ ಒಂದು ಮಾತಿಗೆ ಎರಡು ಅರ್ಥ ಇರಬಹುದು ಎಂಬುದು ಹಿಡಿತಕ್ಕೆ ಸಿಗುತ್ತದೆ.

ನಮ್ಮ ತರಗತಿಗಳದ್ದೇ ಉದಾಹರಣೆ ನೋಡಿ. ಟೀಚರ್ “ಎರಡಕ್ಕೆ ಎರಡು ಕೂಡಿಸಿ” ಎಂದರೆ ಎರಡನೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು ಕೇಳುತ್ತದೆ. ಲೆಕ್ಕದ ‘ಎರಡಕ್ಕೆ’ ಮತ್ತು ರಜೆ ಕೇಳಿ ಹೊರಗೆ ಹೋಗುವ ‘ಎರಡಕ್ಕೆ’ ಎರಡೂ ಅವರಿಗೆ ಒಟ್ಟಿಗೆ ಹೊಳೆಯುತ್ತವೆ. ನಾಲ್ಕು ವರ್ಷದ ಮಗುವಿಗೆ ಇದು ಅರ್ಥವಾಗದು. ಎಂಟು ವರ್ಷದವರಿಗೆ ಬರೀ ‘ಕಕ್ಕ’ ಸಪ್ಪೆ. ಶೌಚದ ನಿಯಮಗಳು ಅಷ್ಟು ಹೊತ್ತಿಗೆ ಉಸಿರಾಟದಷ್ಟು ಸಹಜವಾಗಿರುತ್ತವೆ. ಅವನ್ನು ಮುರಿಯುವುದರಲ್ಲಿ ಸಾಹಸವಿಲ್ಲ. ಯಾರ ಮುಂದೆ ಏನು ಹೇಳಬಾರದು ಎಂಬ ನಾಚಿಕೆಯೂ ಬಂದಿರುತ್ತದೆ. ಹಾಗಾಗಿ ಈ ಮಾತು ಮನೆಯಿಂದ ಗೆಳೆಯರ ಗುಂಪಿಗೆ ಜಾರುತ್ತದೆ.

ಪೂರ್ತಿ ಮಾಯವಾಗುವುದಿಲ್ಲ ಎಂಬುದೂ ನಿಜ. ಬ್ರಿಟನ್ನಿನ ವುಲ್ವರ್‌ಹ್ಯಾಂಪ್ಟನ್ ವಿಶ್ವವಿದ್ಯಾಲಯದವರು 2008ರಲ್ಲಿ ಗುರುತಿಸಿದ ಜಗತ್ತಿನ ಅತಿ ಹಳೆಯ ಜೋಕ್, ಸುಮಾರು ಕ್ರಿ.ಪೂ. 1900ರ ಸುಮೇರಿಯನ್ನರದ್ದು. ವಿಷಯ? ಹೂಸು!

ಖಾರ ಹಚ್ಚಿದರೆ ಏನಾಗುತ್ತದೆ?

ಅಪಾಯ ಇರುವುದು ಇಲ್ಲಿ. ಮಗು ತಮಾಷೆಗೆ ಬಳಸುವ ಪದ ಮತ್ತು ನೋವು ಹೇಳಲು ಬೇಕಾದ ಪದ ಎರಡೂ ಒಂದೇ. ಆ ಪದಕ್ಕೆ ಶಿಕ್ಷೆ ಕೊಟ್ಟರೆ “ಕಕ್ಕ ಮಾಡುವಾಗ ಉರಿಯುತ್ತೆ” ಎನ್ನಲೂ ಮಗು ಹೆದರಬಹುದು. ಒಮ್ಮೆ ನೋವಾದ ಮಗು ಮಲ ತಡೆಹಿಡಿಯುತ್ತದೆ. ದೊಡ್ಡ ಕರುಳಿನಲ್ಲಿ ಉಳಿದಷ್ಟೂ ಅದರ ನೀರು ಹೀರಿಕೊಂಡು ಮಲ ಇನ್ನೂ ಗಟ್ಟಿಯಾಗುತ್ತದೆ, ಮುಂದಿನ ಸಲ ನೋವು ಹೆಚ್ಚುತ್ತದೆ. ಕೊನೆಗೆ ಗಟ್ಟಿ ಮಲದ ಪಕ್ಕದಿಂದ ತೆಳುವಾಗಿ ಸೋರಿ ಚಡ್ಡಿ ಕೊಳೆಯಾಗುತ್ತದೆ. ಮನೆಯವರು ಇದನ್ನು ಭೇದಿ ಅಥವಾ ಸೋಮಾರಿತನ ಎಂದು ತಪ್ಪು ತಿಳಿಯುವುದುಂಟು.

ಆದ್ದರಿಂದ ಪದವನ್ನು ನಿಷೇಧಿಸಬೇಡಿ, ಜಾಗ ತೋರಿಸಿ. ನಗದೆ, ಗದರದೆ, “ಆ ಮಾತು ಬಚ್ಚಲುಮನೆಯಲ್ಲಿ, ಊಟ ಮಾಡುವಾಗ ಬೇಡ ಪುಟ್ಟ” ಎಂದು ಹೇಳಿ ದೋಸೆ ಬಡಿಸಿ. ಪ್ರೇಕ್ಷಕರಿಲ್ಲದ ಜೋಕ್ ಬೇಗ ಹಳಸುತ್ತದೆ. ಆದರೆ ಶೌಚ ಕಲಿತ ಮಗು ಮತ್ತೆ ಚಡ್ಡಿಯಲ್ಲಿ ಮಾಡತೊಡಗಿದರೆ, ಕಾಲು ಬಿಗಿಹಿಡಿದು ಮೂಲೆಯಲ್ಲಿ ನಿಂತರೆ, ಮೂತ್ರ ಮಾಡುವಾಗ ಅತ್ತರೆ ಅದು ತಮಾಷೆಯಲ್ಲ. ಮಕ್ಕಳ ವೈದ್ಯರಿಗೆ ತೋರಿಸಿ.

ಒಟ್ಟಾರೆ: ‘ಕಕ್ಕ’ ಎಂದು ನಗುವ ಮಗು ಕೆಟ್ಟುಹೋಗುತ್ತಿಲ್ಲ, ಕಲಿತ ಪಾಠದ ಜೊತೆ ಆಡುತ್ತಿದೆ. ಖಾರ ಹಚ್ಚುವ ಸಲಹೆ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ.